ನಾಲ್ಕನೇ ಜ್ವರದ ಪುಸ್ತಕ

ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ಬಸ್ಸು ಹತ್ತಿದರೆ ಇವತ್ತಿಗೂ ನನ್ನ ತುಟಿ ತಾನಾಗಿ ಅಲ್ಲಾಡುತ್ತದೆ. ಪಕ್ಕದಲ್ಲಿ ಕೂತವರು, ಪಾಪ, ಏನೋ ಮಂತ್ರ ಹೇಳಿಕೊಳ್ಳುತ್ತಿದ್ದಾಳೆ ಅಂದುಕೊಂಡು ಸ್ವಲ್ಪ ಆಚೆ ಸರಿಯುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ, ಕೂರಲು ಜಾಗ ಸಿಕ್ಕಿತಲ್ಲ. ನಾನು ಹೇಳಿಕೊಳ್ಳುತ್ತಿರುವುದು ಮಂತ್ರವಲ್ಲ, ಯಾವುದೋ ಒಂದು ಪುಸ್ತಕದ ವಾದ. ಮೊದಲು ಅದು ಕೇಳುವ ಪ್ರಶ್ನೆ, ಆಮೇಲೆ ಕೊಡುವ ಉತ್ತರ, ಆಮೇಲೆ ಅದು ಯಾರ ಜೊತೆ ಜಗಳಕ್ಕೆ ನಿಂತಿದೆ ಅನ್ನುವುದು. ಕೇಳುವವಳು ಊರು ಬಿಟ್ಟು ಎಷ್ಟೋ ವರ್ಷವಾಯಿತು, ಹೇಳುವ ಚಾಳಿ ಮಾತ್ರ ಹೋಗಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು ಇದು. ನಾನು ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತಿದ್ದೆ. ಅವಳು ಯಳಂದೂರಿನ ಕಾಲೇಜಿನಲ್ಲಿ ಅದೇ ಪಾಠ ಮಾಡುತ್ತಿದ್ದಳು. ನನಗಿಂತ ಏಳೆಂಟು ವರ್ಷ ಚಿಕ್ಕವಳು, ಮಾಂಬಳ್ಳಿಯ ಬೇಸಾಯಗಾರರ ಮನೆಯ ಹುಡುಗಿ, ಅಣ್ಣ ಅತ್ತಿಗೆಯ ಜೊತೆ ಇದ್ದಳು. ಇಬ್ಬರೂ ಕೆಲಸ ಬಿಡದೆ, ಮದ್ರಾಸಿನ ಒಂದೇ ಸಂಸ್ಥೆಯಲ್ಲಿ, ಒಬ್ಬರೇ ಗೈಡ್ ಹತ್ತಿರ ಪಿಎಚ್.ಡಿ.ಗೆ ನೋಂದಾಯಿಸಿಕೊಂಡಿದ್ದೆವು. ಎರಡು ಬೇಸಿಗೆ ರಜೆ ಅಲ್ಲೇ ಬೆವರು ಸುರಿಸಿಕೊಂಡು ಕೋರ್ಸ್‌ವರ್ಕ್ ಮುಗಿಸಿದ್ದೂ ಆಗಿತ್ತು. ಇನ್ನು ಪ್ರಬಂಧ ಬರೆಯುವುದೊಂದೇ ಬಾಕಿ ಎಂದು ನಾನು ಹಿಗ್ಗಿಕೊಂಡಿದ್ದೆ. ಅಷ್ಟರಲ್ಲಿ ಗೈಡ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಕಾಂಪ್ರಿಹೆನ್ಸಿವ್ ಪರೀಕ್ಷೆಯ ವಿಷಯ ಎತ್ತಿದರು.

ಹಾಸ್ಟೆಲಿನ ಹುಡುಗರ ಬಾಯಲ್ಲಿ ಅದು ಬರೀ 'ಕಾಂಪ್ರೆ'. ಹೆಸರು ಚಿಕ್ಕದು ಮಾಡಿದರೆ ಭಯವೂ ಚಿಕ್ಕದಾದೀತು ಎಂಬ ಆಸೆ ಇರಬೇಕು. ಮೂರು ಕ್ಷೇತ್ರ, ಮೂರು ಪಟ್ಟಿ, ನಮ್ಮಿಬ್ಬರಿಗೂ ಅವೇ. ಒಂದು ಸಮಾಜಶಾಸ್ತ್ರದ ಸಿದ್ಧಾಂತ, ಒಂದು ಹಳ್ಳಿ ಮತ್ತು ಬೇಸಾಯದ ಅಧ್ಯಯನ, ಇನ್ನೊಂದು ಸಂಶೋಧನಾ ವಿಧಾನ. ಪಟ್ಟಿಗಳನ್ನು ಗೈಡ್ ಜೊತೆ ಕೂತು ಮಾಡಬೇಕು, ಸಮಿತಿ ಒಪ್ಪಬೇಕು. ಒಂದೊಂದರಲ್ಲೂ ಮೂವತ್ತು ನಲವತ್ತು ಪುಸ್ತಕ, ಲೇಖನ. ಪ್ರತಿ ಕ್ಷೇತ್ರಕ್ಕೂ ಒಂದು ದಿನ ಕೂತು ಬರೆಯುವ ಪರೀಕ್ಷೆ, ಅದಾದ ಮೇಲೆ ಸಮಿತಿಯ ಎದುರು ಮೌಖಿಕ. ಎರಡೇ ಅವಕಾಶ. ಎರಡನೆಯದರಲ್ಲೂ ಬಿದ್ದರೆ ನೋಂದಣಿ ರದ್ದು, ಗಂಟು ಮೂಟೆ ಕಟ್ಟಿಕೊಂಡು ಊರಿಗೆ ಬರಬೇಕು. ನಮಗೆ ಕೊಟ್ಟದ್ದು ಒಂದು ವರ್ಷಕ್ಕೆ ತುಸು ಕಡಿಮೆ ಕಾಲ.

"ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಓದಲು ಹೋಗಬೇಡಿ" ಎಂದು ಗೈಡ್ ಹೇಳಿದ್ದರು. "ಮೊದಲು ಮೂಲ ಗ್ರಂಥಗಳು. ಆಮೇಲೆ ಅವುಗಳ ಮೇಲೆ ನಡೆದ ಚರ್ಚೆ. ಒಂದೊಂದು ಪುಸ್ತಕಕ್ಕೆ ಒಂದೇ ಹಾಳೆ ಟಿಪ್ಪಣಿ. ಕೊನೆಯ ಎರಡು ತಿಂಗಳು ಹೊಸದೇನನ್ನೂ ಮುಟ್ಟದೆ, ಹಳೇ ಪ್ರಶ್ನೆಗಳಿಗೆ ಗಡಿಯಾರ ಇಟ್ಟುಕೊಂಡು ಉತ್ತರ ಬರೆಯಿರಿ." ನಾನು ಭಕ್ತಿಯಿಂದ ಬರೆದುಕೊಂಡೆ. ಅವಳು ಬರೆದುಕೊಳ್ಳಲಿಲ್ಲ, ಕಿಟಕಿಯ ಆಚೆ ನೋಡುತ್ತ ಏನೋ ಲೆಕ್ಕ ಹಾಕುತ್ತಿದ್ದಳು.

ವಾಪಸು ಬರುವ ದಾರಿಯಲ್ಲಿ ಆ ಲೆಕ್ಕ ಹೊರಗೆ ಬಂತು. "ಅಕ್ಕಾ, ಇಷ್ಟೂ ಬುಕ್ಕ ಒಬ್ಬೊಬ್ರೇ ಓದಕ್ಕಾದದಾ? ಕೆಲ್ಸ ಅದೆ, ಮನೆ ಅದೆ. ಮುಯ್ಯಾಳು ಮಾಡ್ಕಳಣ. ನಿನ್ ಅರ್ದ ನೀನು ಓದಿ ನಂಗೇಳು, ನನ್ ಅರ್ದ ನಾನು ಓದಿ ನಿಂಗೇಳ್ತೀನಿ."

ಮುಯ್ಯಾಳು ಅಂದರೆ ನಮ್ಮ ಕಡೆ ಗದ್ದೆ ಕೆಲಸದ ಪದ್ಧತಿ. ಇವತ್ತು ನಿಮ್ಮ ನಾಟಿಗೆ ನಮ್ಮ ಮನೆಯ ಆಳು, ನಾಳೆ ನಮ್ಮ ನಾಟಿಗೆ ನಿಮ್ಮ ಮನೆಯ ಆಳು. ಕೂಲಿ ಇಲ್ಲ, ಆದರೆ ತಿರುಗಿಸದೆ ಇರುವ ಹಾಗಿಲ್ಲ. ಗದ್ದೆಯಲ್ಲಿ ನಡೆಯುವುದು ಪುಸ್ತಕದಲ್ಲಿ ಯಾಕೆ ನಡೆಯಬಾರದು ಎಂದು ನನಗೂ ಅನ್ನಿಸಿತು. ಗೈಡ್‌ಗೆ ಹೇಳುವುದು ಬೇಡವೆಂದು ಇಬ್ಬರೂ ಮಾತಾಡದೆಯೇ ತೀರ್ಮಾನಿಸಿದೆವು.

ಮಾಂಬಳ್ಳಿಯ ಅವಳ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಅದರಿಂದಾಗಿ ನಮ್ಮ ಓದಿನ ವೇಳಾಪಟ್ಟಿ ಮದ್ರಾಸಿನವರು ಕನಸಿನಲ್ಲೂ ಕಾಣದಂಥದ್ದಾಯಿತು. ಹುಳು ಪೊರೆ ಕಳಚುವ ಮುಂಚೆ ಹಿಪ್ಪುನೇರಳೆ ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿ, ಸುಮ್ಮನೆ ಕೂತುಬಿಡುತ್ತದೆ. ಅದನ್ನು ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಒಂದು ಬೆಳೆಗೆ ನಾಲ್ಕು ಜ್ವರ. ಆ ಹೊತ್ತಿನಲ್ಲಿ ಸೊಪ್ಪು ಕೊಯ್ಯುವಂತಿಲ್ಲ, ಹಾಕುವಂತಿಲ್ಲ, ಮನೆಯವರಿಗೆಲ್ಲ ಬಿಡುವು. ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಬೆಳೆಗಳ ಜ್ವರಗಳನ್ನು ಅಂದಾಜಿನ ಮೇಲೆ ಗುರುತು ಮಾಡಿ, ಕಷ್ಟದ ಪುಸ್ತಕಗಳನ್ನೆಲ್ಲ ಅಲ್ಲಲ್ಲಿಗೆ ಹಂಚಿದಳು. ತೆಳು ಲೇಖನಗಳು ಮೊದಲ ಜ್ವರಕ್ಕೆ, ದಪ್ಪ ಪುಸ್ತಕ ಮೂರು ನಾಲ್ಕನೆಯದಕ್ಕೆ. ನಾಲ್ಕನೇ ಜ್ವರದಿಂದ ಎದ್ದ ಹುಳು ಹಗಲೂ ರಾತ್ರಿ ತಿನ್ನುತ್ತದೆ, ಆ ವಾರ ಮನೆಯಲ್ಲಿ ಯಾರಿಗೂ ಉಸಿರಾಡಲು ಪುರಸೊತ್ತಿಲ್ಲ, ಆಗ ಓದಿಗೆ ರಜೆ. ನನ್ನ ಮನೆಯಲ್ಲಿ ಹುಳುವಿಲ್ಲ. ಆದರೂ ನಾನೂ ಅದೇ ಪಂಚಾಂಗ ಹಿಡಿದು ಓದಿದೆ. ನಮ್ಮ ಯಜಮಾನರು ಆಫೀಸಿಗೆ ಹೊರಡುತ್ತ, "ಇವತ್ತು ಎಷ್ಟನೇ ಜ್ವರ?" ಎಂದು ಕೇಳಿ, ಉತ್ತರದ ಮೇಲೆ ಕ್ಯಾರಿಯರ್ ತಾವೇ ತುಂಬಿಕೊಳ್ಳಬೇಕೋ ಬೇಡವೋ ತಿಳಿದುಕೊಳ್ಳುತ್ತಿದ್ದರು.

ಭಾನುವಾರ ನಾನು ಯಳಂದೂರಿನ ಬಸ್ಸು ಹತ್ತಿ, ಹೇಳಬೇಕಾದ ಪುಸ್ತಕವನ್ನು ದಾರಿಯುದ್ದಕ್ಕೂ ತುಟಿಯಲ್ಲೇ ಹೇಳಿಕೊಳ್ಳುತ್ತ ಮಾಂಬಳ್ಳಿಗೆ ಹೋಗುತ್ತಿದ್ದೆ, ಇಲ್ಲ ಅವಳು ಕೊಳ್ಳೇಗಾಲಕ್ಕೆ ಬರುತ್ತಿದ್ದಳು. ಒಂದೆರಡು ಸಲ ಹನೂರಿನ ನಮ್ಮ ಅತ್ತೆಯ ಮನೆಗೂ ಹೋದೆವು. ಅವರೆಕಾಯಿಯ ಕಾಲ. ಅತ್ತೆ ಮೊರದ ತುಂಬ ಕಾಯಿ ಸುರಿದು ನಮ್ಮ ಮುಂದಿಟ್ಟರು. ನಾನು ಕಾಳು ಬಿಡಿಸುತ್ತ ಸಮೀಕ್ಷೆಯ ಮಾದರಿ ಆಯ್ಕೆ ಹೇಗೆ ತಪ್ಪಬಹುದು ಎಂದು ವಿವರಿಸುತ್ತಿದ್ದೆ. ಅತ್ತೆ ಸ್ವಲ್ಪ ಹೊತ್ತು ಕೇಳಿ, "ಅಲ್ ಕಣವ್ವ, ಊರೋರ್ನೆಲ್ಲ ಕೇಳ್ದೆ ನಾಕ್ ಜನುನ್ ಕೇಳಿ ಊರೆಲ್ಲ ಇಂಗೇ ಅಂತ ಬರದ್ರೆ ಸುಳ್ಳಾಗಕಿಲ್ವಾ?" ಅಂದರು. ಅವಳು ಬಿದ್ದು ಬಿದ್ದು ನಕ್ಕಳು. ಅತ್ತೆಗೆ ತಾನು ತಪ್ಪು ಹೇಳಿದೆನೇನೋ ಎಂದು ಸಿಟ್ಟು ಬಂದು, ಅವಳಿಗೆ ಇನ್ನೊಂದು ಮೊರ ಕಾಯಿ ಹಾಕಿದರು.

ಅವಳು ಪುಸ್ತಕ ಹೇಳುತ್ತಿದ್ದ ರೀತಿಯೇ ಬೇರೆ. ನಾನು ಅಧ್ಯಾಯದ ಪ್ರಕಾರ ಹೇಳುತ್ತಿದ್ದೆ, ಮೇಷ್ಟರ ಜಾತಿ. ಅವಳು ನಡುವಿನಿಂದ ಎಲ್ಲೋ ಶುರು ಮಾಡುತ್ತಿದ್ದಳು. ಬರೆದವನ ಮೇಲೆ ಸಿಟ್ಟಾಗುತ್ತಿದ್ದಳು, "ಈವಯ್ಯ ಒಂದಿನನೂ ಗದ್ದೆಗೆ ಇಳಿದಿಲ್ಲ ಕಣಕ್ಕ, ಕಂಡೋನಂಗೆ ಬರಿತಾನೆ" ಅನ್ನುತ್ತಿದ್ದಳು. ಹುಳದ ಮನೆಯಲ್ಲಿ ತಟ್ಟೆ ತಟ್ಟೆಗೂ ಸೊಪ್ಪು ಉದುರಿಸುತ್ತ ಹೇಳುವಳು, ನಾನು ಬುಟ್ಟಿ ಹಿಡಿದು ಹಿಂದೆ ಹೋಗುವವಳು. ಪೌಡರು, ಹೂವು ಯಾವ ವಾಸನೆಯೂ ಹುಳಕ್ಕೆ ಆಗದೆಂದು ನಾನು ಮುಖ ತೊಳೆದುಕೊಂಡು ಬರಿಗಾಲಲ್ಲಿ ಒಳಗೆ ಹೋಗಬೇಕಿತ್ತು. ಒಳಗೆ ಹಸಿ ಸೊಪ್ಪಿನ ವಾಸನೆ, ಅವಳ ದನಿ. ಅಷ್ಟು ಸುಖವಾಗಿ ನಾನು ಯಾವ ಲೈಬ್ರರಿಯಲ್ಲೂ ಕಲಿತಿಲ್ಲ.

ಅವಳ ಪಾಲಿಗೆ ಬಂದಿದ್ದ ಒಂದು ಪುಸ್ತಕ ಕೊಡುವುದು-ತಿರುಗಿಸುವುದರ ಬಗ್ಗೆ. ಎಲ್ಲೋ ದೂರದ ದ್ವೀಪವೊಂದರ ಅಧ್ಯಯನ. ಅದನ್ನು ಹೇಳುತ್ತ ಅವಳು, "ಎರಡು ಮನೆ ಅಕ್ಕ. ಬದುವಿನ ಜಗಳ, ಅಪ್ಪಂದಿರ ಕಾಲದಿಂದ ಮಾತಿಲ್ಲ. ಆದ್ರೂ ನಾಟಿ ಬಂತು ಅಂದ್ರೆ ಈ ಮನೆಯಿಂದ ಒಬ್ರು ಆ ಗದ್ದೆಗೆ ಓಯ್ತಾರೆ, ಆ ಮನೆಯಿಂದ ಒಬ್ರು ಈ ಗದ್ದೆಗೆ ಬತ್ತಾರೆ. ಮಾತಾಡಕಿಲ್ಲ. ಊಟ ಇಕ್ತಾರೆ, ಉಣ್ತಾರೆ, ಎದ್ದೋಯ್ತಾರೆ. ಜಗಳ ಜಗಳವೇ, ಮುಯ್ಯಿ ಮುಯ್ಯಿನೇ" ಎಂದಳು. ನನಗೆ ಮೈ ಜುಮ್ಮೆಂದಿತು. ಎಂಥ ಪುಸ್ತಕ, ಎಂಥ ಉದಾಹರಣೆ! ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಂಡೆ.

ಹೀಗೆ ತಿಂಗಳುಗಳು ಕಳೆದವು. ಮೂಲ ಗ್ರಂಥಗಳು ಮುಗಿದು ಚರ್ಚೆಯ ಲೇಖನಗಳಿಗೆ ಬಂದೆವು. ಮೈಸೂರಿಗೆ ಹೋದಾಗಲೆಲ್ಲ ಜೆರಾಕ್ಸ್ ಕಂತೆ ಹೊತ್ತು ತಂದೆವು. ಒಬ್ಬರಿಗೊಬ್ಬರು ಪ್ರಶ್ನೆ ಹಾಕಿ ಗಡಿಯಾರ ನೋಡಿ ಬರೆದೆವು. ಅವಳ ಪಾಲಿನಲ್ಲಿ ಒಂದೇ ಒಂದು ಉಳಿದುಕೊಂಡಿತು, ಸಿದ್ಧಾಂತದ ಪಟ್ಟಿಯ ಅತಿ ದಪ್ಪ ಪುಸ್ತಕ. "ಅದಾ? ಅದ ಈ ಬೆಳೆ ನಾಲ್ಕನೇ ಜ್ವರಕ್ಕೆ ಮಡಗಿವ್ನಿ" ಅನ್ನುತ್ತಿದ್ದಳು. ಒಂದು ಬೆಳೆಯಿಂದ ಇನ್ನೊಂದಕ್ಕೆ ಅದು ಮುಂದಕ್ಕೆ ಹೋಗುತ್ತಲೇ ಇತ್ತು. ಕೊನೆಯ ಬೆಳೆ ಹಣ್ಣಾಗಿ, ಹುಳುಗಳನ್ನೆಲ್ಲ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಹೊತ್ತಿಗೆ ಪರೀಕ್ಷೆಗೆ ಹೊರಡುವ ದಿನವೇ ಬಂತು. "ರೈಲಲ್ಲಿ ಏಳ್ತೀನಿ ಬಾ, ಬೆಂಗ್ಳೂರಿಂದ ಮದ್ರಾಸ್‌ಗಂಟ ಏಳದ್ರೂ ಮುಗಿಯಕಿಲ್ಲ" ಎಂದಳು.

ಬೆಳಗಿನ ರೈಲು. ಕಿಟಕಿಯ ಪಕ್ಕ ಅವಳು, ಪಕ್ಕದಲ್ಲಿ ನಾನು, ನನ್ನ ತೊಡೆಯ ಮೇಲೆ ಪುಸ್ತಕದ ಹೆಸರು ಬರೆದ ಖಾಲಿ ಹಾಳೆ. ಊರು ದಾಟುವ ಮುಂಚೆಯೇ ಅವಳ ತಲೆ ನನ್ನ ಭುಜಕ್ಕೆ ವಾಲಿತು. ವಾರವೆಲ್ಲ ಹುಳು ಆಯ್ದವಳು, ಕೈಯ ಮೇಲೆ ಇನ್ನೂ ಸೊಪ್ಪಿನ ಕರೆ ಇತ್ತು. ಎಬ್ಬಿಸಬೇಕೆಂದು ಎರಡು ಮೂರು ಸಲ ಕೈ ಎತ್ತಿದೆ, ಮನಸ್ಸು ಬರಲಿಲ್ಲ. ಜೋಲಾರಪೇಟೆಯಲ್ಲಿ ಕಾಫಿಯವನು ಕೂಗಿಕೊಂಡು ಬಂದಾಗ ನಾನೇ ಅವನಿಗೆ ಸದ್ದು ಮಾಡಬೇಡವೆಂದು ಸನ್ನೆ ಮಾಡಿದೆ. ಹಾಳೆ ಮದ್ರಾಸಿನವರೆಗೂ ಖಾಲಿಯೇ ಇತ್ತು.

ಬರವಣಿಗೆಯ ಪರೀಕ್ಷೆಗಳು ಒಂದರ ಹಿಂದೊಂದು ಮುಗಿದವು. ಆ ದಪ್ಪ ಪುಸ್ತಕದ ಪ್ರಶ್ನೆಗೆ ಆಯ್ಕೆ ಇದ್ದುದರಿಂದ ಬಚಾವಾದೆ. ಸಿದ್ಧಾಂತದ ಪತ್ರಿಕೆಯಲ್ಲಿ ಎರಡು ಮನೆಗಳ ಉದಾಹರಣೆಯನ್ನು ಒಂದು ಪುಟದ ತುಂಬ ಬರೆದು ಖುಷಿಪಟ್ಟೆ. ಮೌಖಿಕಕ್ಕೆ ಒಬ್ಬೊಬ್ಬರನ್ನೇ ಕರೆದರು. ಗೈಡ್, ಮೇಜಿನ ಸುತ್ತ ಇನ್ನು ಮೂವರು. ಅವರಲ್ಲಿ ಹಿರಿಯರೊಬ್ಬರು ನನ್ನ ಉತ್ತರಪತ್ರಿಕೆ ತಿರುವಿ ಕನ್ನಡಕ ಮೇಲಕ್ಕೆತ್ತಿದರು.

"ಈ ದ್ವೀಪದ ಎರಡು ಕುಟುಂಬಗಳು ಮಾತಿಲ್ಲದೆ ಒಬ್ಬರ ಗದ್ದೆಯಲ್ಲಿ ಇನ್ನೊಬ್ಬರು ನಾಟಿ ಮಾಡುತ್ತಾರೆ ಎಂದು ಬರೆದಿದ್ದೀರಿ. ಬಹಳ ಚೆನ್ನಾಗಿದೆ. ಆದರೆ ಆ ದ್ವೀಪದಲ್ಲಿ ಗದ್ದೆಯೇ ಇಲ್ಲ. ಅವರು ಮೀನು ಹಿಡಿಯುವವರು. ಇದು ಯಾವ ಅಧ್ಯಾಯದಲ್ಲಿದೆ?"

ನಾನು ಪುಸ್ತಕದ ಮುಖಪುಟವನ್ನೂ ನೋಡಿರಲಿಲ್ಲ. ಅವರು ಇನ್ನೊಂದು ಕೇಳಿದರು, ಮತ್ತೊಂದು ಕೇಳಿದರು. ಅವಳ ಪಾಲಿನ ಯಾವ ಪುಸ್ತಕಕ್ಕೆ ಹೋದರೂ ನನಗೆ ಕೇಳುತ್ತಿದ್ದುದು ಅವಳ ದನಿ, ಅವಳ ಸಿಟ್ಟು, ಅವಳ ನಗು. ಬರೆದವನು ಏನು ಹೇಳಿದ, ಅವಳು ಏನು ಹೇಳಿದಳು ಎಂದು ಬಿಡಿಸಲು ನನಗೆ ಬರಲಿಲ್ಲ. ಗೈಡ್ ಮೇಜಿನ ಅಂಚನ್ನೇ ನೋಡುತ್ತ ಕೂತಿದ್ದರು.

ಹೊರಗೆ ಬಂದು ಅವಳಿಗೆ ಹೇಳಿದೆ. ಮೊದಲು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು, ಆಮೇಲೆ ಅಳು ಬಂತು. "ಅಯ್ಯೋ, ಅದು ನಮ್ಮನೆ ಕತೆ ಕಣಕ್ಕ! ನಮ್ಮಣ್ಣಂದು, ಎದುರುಮನೆಯೋರ್ದು. ದ್ವೀಪದೋರು ಅಂತ ನಾನೆಲ್ಲಿ ಅಂದೆ?" ನಿಜ, ಅವಳು ಅಂದಿರಲಿಲ್ಲ.

ಅವಳು ಪಾಸಾದಳು. ನಾನು ಸಿದ್ಧಾಂತದ ಪತ್ರಿಕೆಯನ್ನು ಆರು ತಿಂಗಳ ಮೇಲೆ ಮತ್ತೆ ಬರೆದು, ಮತ್ತೆ ಮೌಖಿಕಕ್ಕೆ ಕೂರಬೇಕೆಂದು ಸಮಿತಿ ತೀರ್ಮಾನಿಸಿತು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ಅದು ಬಸ್ಸು ಕೊಳ್ಳೇಗಾಲ ಮುಟ್ಟುವವರೆಗೂ ಬಾಳಲಿಲ್ಲ. ನನ್ನನ್ನು ನಿಜವಾಗಿ ಮುರಿದದ್ದು ಆಮೇಲಿನ ಸುದ್ದಿ. ಅವಳಿಗೆ ಪೂರ್ಣಾವಧಿಯ ಫೆಲೋಶಿಪ್ ಸಿಕ್ಕಿತು. ಯಳಂದೂರಿನ ಕೆಲಸ ಬಿಟ್ಟು ಒಂದು ಟ್ರಂಕು, ಒಂದು ಹಾಸಿಗೆ ಕಟ್ಟಿಕೊಂಡು ಮದ್ರಾಸಿಗೆ ಹೊರಟಳು. ಬಸ್ ಸ್ಟ್ಯಾಂಡಿನಲ್ಲಿ, "ಆ ದಪ್ಪ ಬುಕ್ಕು ಬಾಕಿ ಅದೆ ಕಣಕ್ಕ, ಮರ್ತಿಲ್ಲ, ಬಂದು ಏಳ್ತೀನಿ" ಎಂದಳು. ನಾನು ತಲೆ ಆಡಿಸಿದೆ.

ಆ ಆರು ತಿಂಗಳು ಒಬ್ಬಳೇ ಓದಿದೆ. ಅವಳ ಪಾಲಿನ ಪುಸ್ತಕಗಳನ್ನು ಒಂದೊಂದಾಗಿ ಮದ್ರಾಸಿನಿಂದ ತಂದು ಮೊದಲ ಬಾರಿಗೆ ಬಿಚ್ಚಿದೆ. ಅವಳು ಹೇಳಿದ್ದು ಬಹುಮಟ್ಟಿಗೆ ಸರಿಯೇ ಇತ್ತು. ಆದರೆ ಪುಸ್ತಕಗಳು ಸಪ್ಪೆಯಾಗಿದ್ದವು. ಎಲ್ಲೆಲ್ಲಿ ನನಗೆ ಮೈ ಜುಮ್ಮೆಂದಿತ್ತೋ ಅಲ್ಲೆಲ್ಲ ಅಚ್ಚಿನ ಒಣ ಸಾಲು, ಕೆಳಗೆ ಅಡಿಟಿಪ್ಪಣಿ. ಒಂದೊಂದು ಪುಸ್ತಕ ಓದಿ ಮುಗಿಸಿದಾಗಲೂ ಅದರಲ್ಲಿದ್ದ ಅವಳ ದನಿ ಸ್ವಲ್ಪ ಸ್ವಲ್ಪವೇ ಅಳಿಸಿ ಹೋಗುತ್ತಿತ್ತು, ಬರೆದವನದೇ ಉಳಿಯುತ್ತಿತ್ತು. ಪರೀಕ್ಷೆಗೆ ಬೇಕಾದದ್ದು ಅದೇ. ನಾನು ಓದುತ್ತ ಓದುತ್ತ ಅವಳನ್ನು ಕಳೆದುಕೊಳ್ಳುತ್ತಿದ್ದೇನೆ ಎಂದು ಮನೆಯವರ ಹತ್ತಿರ ಹೇಳಿಕೊಂಡೆ. ಅವರು, "ಫೋನ್ ಮಾಡು" ಎಂದರು. ಗಂಡಸರ ಪರಿಹಾರ.

ಕೊನೆಗೆ ಆ ದಪ್ಪ ಪುಸ್ತಕ ಒಂದೇ ಉಳಿಯಿತು. ಅದನ್ನು ಮೇಜಿನ ಮೇಲೆ ಇಟ್ಟೆ, ಎತ್ತಿದೆ, ಮತ್ತೆ ಇಟ್ಟೆ. ಇನ್ನೊಂದು ಸಲ ಬಿದ್ದರೆ ನೋಂದಣಿಯೇ ಹೋಗುತ್ತದೆ, ಇಷ್ಟು ವರ್ಷದ ಓದು ನೀರುಪಾಲು. ಅದು ಗೊತ್ತಿದ್ದೂ ಬಿಚ್ಚಲು ಕೈ ಬರಲಿಲ್ಲ. ಅದು ಅವಳು ಹೇಳಬೇಕಾದದ್ದು. ನಾನೇ ಓದಿಬಿಟ್ಟರೆ ಅವಳು ಬರುವುದಕ್ಕೆ ಇನ್ನೇನು ಉಳಿಯುತ್ತದೆ ಎಂಬ ಹುಚ್ಚು ಹಟ. ಬೇರೆಯವರು ಹೀಗೆ ಮಾಡಿದ್ದರೆ ನಾನೇ ಬೈದು ಬುದ್ಧಿ ಹೇಳುತ್ತಿದ್ದೆ.

ಎರಡನೇ ಮೌಖಿಕದಲ್ಲಿ ಅದೇ ಹಿರಿಯರು ಮೊದಲು ದ್ವೀಪದ ಪುಸ್ತಕವನ್ನೇ ಎತ್ತಿದರು. ಅದರ ವಾದ ಹೇಳಿದೆ, ಅದರ ಮೇಲೆ ನಡೆದ ಚರ್ಚೆ ಹೇಳಿದೆ. ದ್ವೇಷವಿದ್ದಲ್ಲಿ ವಿನಿಮಯ ನಿಲ್ಲುತ್ತದೆ ಎಂಬ ಅದರ ಮಾತು ನಮ್ಮ ಕಡೆಯ ಎರಡು ಮನೆಗಳ ಮಟ್ಟಿಗೆ ನಿಲ್ಲುವುದಿಲ್ಲ ಎಂದೂ ಹೇಳಿದೆ, ಈ ಸಲ ಊರು ಯಾವುದೆಂದು ಬಿಡಿಸಿ ಹೇಳಿ. ಅವರು ಮುಂದಕ್ಕೆ ಬಾಗಿ ಕೇಳಿಸಿಕೊಂಡರು. ಆಮೇಲೆ ದಪ್ಪ ಪುಸ್ತಕದ ಹೆಸರು ಹೇಳಿ ಪ್ರಶ್ನೆ ಹಾಕಿದರು.

"ಅದನ್ನು ಓದಿಲ್ಲ ಸಾರ್" ಎಂದೆ.

ಗೈಡ್ ಕೈಯ ಪೆನ್ನು ಕೆಳಗಿಟ್ಟರು. ಹಿರಿಯರು, "ಹೋದ ಸಲ ಓದದೇ ಇರುವುದನ್ನೆಲ್ಲ ಹೇಳಿದಿರಿ. ಇದು ವಾಸಿ" ಎಂದು ಮುಂದಿನ ಪುಸ್ತಕಕ್ಕೆ ಹೋದರು. ಪಾಸು ಮಾಡಿದರು. ಆ ಪುಸ್ತಕವನ್ನು ಬೇಗ ಓದಿ ಮುಗಿಸಬೇಕೆಂದು ಗೈಡ್ ತಾಕೀತು ಮಾಡಿದರು. ಆಗಲಿ ಎಂದು ಬಂದೆ, ಪುಸ್ತಕದ ಅಂಗಡಿಯಲ್ಲಿ ಅದರದೊಂದು ಪ್ರತಿಯನ್ನೂ ಕೊಂಡು ತಂದೆ, ಓದಲಿಲ್ಲ.

ಅವಳು ಮದ್ರಾಸಿನಲ್ಲೇ ಡಾಕ್ಟರೇಟ್ ಮುಗಿಸಿ, ಉತ್ತರದ ಕಡೆ ಒಂದು ವಿಶ್ವವಿದ್ಯಾನಿಲಯಕ್ಕೆ ಹೋದಳು, ಅಲ್ಲೇ ಮದುವೆಯಾದಳು. ನಾನು ಕೊಳ್ಳೇಗಾಲದಲ್ಲೇ ನಿಧಾನವಾಗಿ ಪ್ರಬಂಧ ಬರೆದು ಮುಗಿಸಿದೆ. ಅವಳ ಅಣ್ಣ ಹಿಪ್ಪುನೇರಳೆ ಕಿತ್ತು ಕಬ್ಬು ಹಾಕಿದರು. ಹುಳದ ಮನೆಯಲ್ಲಿ ಈಗ ಗೊಬ್ಬರದ ಮೂಟೆಗಳಿವೆ. ಮೊನ್ನೆ ಯಾವುದೋ ಕೆಲಸಕ್ಕೆ ಮಾಂಬಳ್ಳಿಗೆ ಹೋದವಳು ಒಳಗೆ ಇಣುಕಿದೆ. ಅಭ್ಯಾಸಬಲ, ಬಾಗಿಲಲ್ಲೇ ಚಪ್ಪಲಿ ಬಿಟ್ಟು ಮುಖ ತೊಳೆಯಲು ನೀರು ಹುಡುಕಿದೆ. ಅವಳ ಅತ್ತಿಗೆ, "ಯಾಕಕ್ಕ, ಈಗ ಉಳ ಇಲ್ವಲ್ಲ" ಎಂದು ನಕ್ಕರು.

ಮನೆಗೆ ಬಂದವಳೇ ಅವಳಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿ, ಕೊನೆಗೆ ತಡೆಯಲಾರದೆ ಕೇಳಿದೆ. "ಆ ನಾಲ್ಕನೇ ಜ್ವರದ ಪುಸ್ತಕ ಹೇಳಲೇ ಇಲ್ಲವಲ್ಲೇ. ಇಷ್ಟು ವರ್ಷ ಓದದೆ ಇಟ್ಟುಕೊಂಡಿದ್ದೀನಿ. ಯಾವಾಗ ಬರ್ತೀಯ?"

ಆ ಕಡೆಯಿಂದ ಹಳೇ ಮಾಂಬಳ್ಳಿಯ ದನಿ ಬಂತು. "ಅಕ್ಕಾ, ಬೈಬ್ಯಾಡ. ನಾನೂ ಅದ ಓದಿರ್ನಿಲ್ಲ ಕಣಕ್ಕ. ಬೆಳೆ ಬೆಳೆಗೂ ಆಗ್ನೇ ಇಲ್ಲ. ರೈಲಲ್ಲಿ ನಂಗೆ ನಿದ್ದೆ ಬಂದಿರ್ನಿಲ್ಲ. ನೀನು ಕೇಳ್ಬುಡ್ತೀಯ ಅಂತ ಕಣ್ ಮುಚ್ಕಂಡಿದ್ದೆ. ನೀನು ಕಾಪಿಯೋನ್ಗೂ ಗದ್ಲ ಮಾಡ್ಬ್ಯಾಡ ಅಂದ್ಯಲ್ಲ, ಆಗ ಅಳು ಬಂತು. ಆದ್ರೂ ಕಣ್ ಬುಡ್ನಿಲ್ಲ."

ನಾನು ಬೈಯಲಿಲ್ಲ. ನಗು ಬಂತು. ಅವಳು ಓದೇ ಇಲ್ಲದ ಪುಸ್ತಕಕ್ಕೆ ನಾನು ಇಷ್ಟು ವರ್ಷ ಕಾದಿದ್ದೆ.

"ಈಗ್ಲೂ ಓದಿಲ್ಲ" ಎಂದಳು. "ನೀನೇ ಓದಿ ಏಳು. ನನ್ ಬಾಕಿ ಮುಯ್ಯಿನೂ ನಿಂದೇ ಅಂತ ಇರ್ಲಿ. ರಜಕ್ಕೆ ಬತ್ತೀನಿ."

ಯಾವ ರಜಕ್ಕೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಾರನೆಯ ದಿನ ಪುಸ್ತಕ ಬಿಚ್ಚಿದೆ. ಹಾಳೆಗಳು ಹಳದಿಯಾಗಿವೆ, ಆದರೆ ವಾದ ಚೆನ್ನಾಗಿದೆ. ಎಲ್ಲಿ ಅವಳು ಸಿಟ್ಟಾಗುತ್ತಾಳೆ, ಎಲ್ಲಿ ನಗುತ್ತಾಳೆ, ಎಲ್ಲಿ ಅತ್ತೆಯ ಅವರೆಕಾಯಿ ತರಬಹುದು ಎಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತ ಓದುತ್ತಿದ್ದೇನೆ, ಯಳಂದೂರಿನ ಬಸ್ಸು ಹತ್ತಿದರೆ ಅದನ್ನೇ ಹೇಳಿಕೊಳ್ಳುತ್ತೇನೆ. ನಾನು ಬೇಗ ಓದುವವಳು. ಇದೊಂದನ್ನು ಮಾತ್ರ ದಿನಕ್ಕೆ ಒಂದೆರಡು ಪುಟದ ಮೇಲೆ ಓದುತ್ತಿಲ್ಲ. ಅವಳು ಬರುವ ಮುಂಚೆ ಇದು ಮುಗಿದುಹೋಗಬಾರದು.